ಐದು ಪುಟದ ರೆಸ್ಯೂಮನ್ನು ಎರಡು ಪುಟಕ್ಕೆ ಇಳಿಸುವುದು ಹೇಗೆ: ಅಕೌಂಟ್ಸ್ ಕೆಲಸದವರಿಗಾಗಿ

"15 ವರ್ಷ ಕೆಲಸ ಮಾಡಿದ್ದೇನೆ, ಎಲ್ಲವನ್ನೂ ಎರಡು ಪುಟದಲ್ಲಿ ಹೇಗೆ ಹಿಡಿಸುವುದು? ಹಳೆಯ ಕೆಲಸ ತೆಗೆದುಹಾಕಿದರೆ ನಾಳೆ ವೆರಿಫಿಕೇಷನ್ ಮಾಡುವಾಗ ಸುಳ್ಳು ಹೇಳಿದ್ದೀರಿ ಅನ್ನುವುದಿಲ್ಲವೇ?" ಈ ಎರಡು ಪ್ರಶ್ನೆಗಳನ್ನು ನನ್ನನ್ನು ಕೇಳದ ತಿಂಗಳೇ ಇಲ್ಲ. ಅದರಲ್ಲೂ ಅಕೌಂಟ್ಸ್ ವಿಭಾಗದವರು ಜಾಸ್ತಿ ಕೇಳುತ್ತಾರೆ. ಸಣ್ಣ ಅಂಗಡಿ, ಆಡಿಟರ್ ಆಫೀಸು, ಫ್ಯಾಕ್ಟರಿ ಅಂತ ನಾಲ್ಕೈದು ಕಡೆ ಕೆಲಸ ಮಾಡಿರುತ್ತಾರೆ, ಕೆಲಸ ಬದಲಿಸಿದಾಗಲೆಲ್ಲ ಹಳೆಯ ಫೈಲಿನ ಮೇಲೆಯೇ ಒಂದು ಪ್ಯಾರಾ ಸೇರಿಸಿರುತ್ತಾರೆ. ಹಾಗೆ ಸೇರಿಸುತ್ತಾ ಹೋದದ್ದು ಐದು ಪುಟವಾಗಿರುತ್ತದೆ.

ಅಕೌಂಟ್ಸ್ ಹುದ್ದೆಗಳಿಗೆ ಬರುವ ರೆಸ್ಯೂಮ್‌ಗಳನ್ನು ಓದಿ ಆರಿಸುವುದೇ ನನ್ನ ಕೆಲಸ. ಹಾಗಾಗಿ ಅದೇ ವಿಭಾಗದ ಒಂದು ರೆಸ್ಯೂಮನ್ನು ಎದುರಿಗಿಟ್ಟುಕೊಂಡು ಹೇಳುತ್ತೇನೆ. ನಿಮ್ಮ ರೆಸ್ಯೂಮ್ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲಿ ಅದರ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ.

ಈ ರೆಸ್ಯೂಮಿನವರು ಬಿ.ಕಾಂ. ಓದಿದವರು. 2008ರಿಂದ 2010ರವರೆಗೆ ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಅಸಿಸ್ಟೆಂಟ್. 2010ರಿಂದ 2012ರವರೆಗೆ ಹುಬ್ಬಳ್ಳಿಯಲ್ಲಿ ಪೈಪು, ಫಿಟಿಂಗ್ಸ್ ಮಾರುವ ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಅಕೌಂಟೆಂಟ್. ಆಮೇಲೆ 2014ರವರೆಗೆ ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ವ್ಯಾಪಾರಿ ಹತ್ತಿರ ಅಕೌಂಟೆಂಟ್. 2014ರಿಂದ 2018ರವರೆಗೆ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್. 2019ರಿಂದ ಈಗಿನವರೆಗೆ ಒಂದು ಪ್ಯಾಕೇಜಿಂಗ್ ಕಂಪನಿಯಲ್ಲಿ, ಮೊದಲು ಸೀನಿಯರ್ ಎಕ್ಸಿಕ್ಯೂಟಿವ್, 2022ರಿಂದ ಅಸಿಸ್ಟೆಂಟ್ ಮ್ಯಾನೇಜರ್. ಈಗ ಇನ್ನೊಂದು ಫ್ಯಾಕ್ಟರಿಯ ಅಕೌಂಟ್ಸ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಬೇಕು.

ಐದು ಪುಟ ಹೇಗೆ ಹಂಚಿಹೋಗಿತ್ತು ನೋಡಿ. ಗುರಿ, ಪರಿಚಯ, ಸಾಫ್ಟ್‌ವೇರ್ ಪಟ್ಟಿಗೆ ಒಂದು ಪುಟ. ಹಳೆಯ ಮೂರು ಕೆಲಸಗಳಿಗೆ ಒಂದೂವರೆ ಪುಟ. ಪೀಣ್ಯದ ಕೆಲಸಕ್ಕೆ ಒಂದು ಪುಟ. ಓದು, ಸ್ವಂತ ವಿವರ, ಘೋಷಣೆಗೆ ಮುಕ್ಕಾಲು ಪುಟ. ಈಗ ಮಾಡುತ್ತಿರುವ ಕೆಲಸ, ಅಂದರೆ ಯಾರಿಗಾದರೂ ನಿಜವಾಗಿ ಬೇಕಾದದ್ದು, ಬರೀ ಮುಕ್ಕಾಲು ಪುಟ. ರೆಸ್ಯೂಮ್ ಉದ್ದವಾಗಿದೆ ಅನ್ನುವುದಕ್ಕಿಂತ ಈ ಹಂಚಿಕೆಯೇ ದೊಡ್ಡ ತೊಂದರೆ.

ಶುರು ಮಾಡುವ ಮುಂಚೆ ಮೂರು ವಸ್ತು ಹತ್ತಿರ ಇರಲಿ: ಈಗಿನ ರೆಸ್ಯೂಮಿನ ಪ್ರಿಂಟ್, ನೀವು ಅರ್ಜಿ ಹಾಕುವ ಹುದ್ದೆಯ ಜಾಹೀರಾತು, ಮತ್ತು ಎರಡು ಬಣ್ಣದ ಪೆನ್ನು. ಕಂಪ್ಯೂಟರಿನಲ್ಲೇ ಮಾಡಬಹುದು, ಆದರೆ ಕಾಗದದ ಮೇಲೆ ಗೆರೆ ಎಳೆದು ಹೊಡೆದುಹಾಕುವಾಗ ಮನಸ್ಸು ಅಷ್ಟು ಹಿಂಜರಿಯುವುದಿಲ್ಲ.

1. ಮೊದಲು ಒಂದು ಪೂರ್ತಿ ಪ್ರತಿ ಎತ್ತಿಡಿ

ಐದು ಪುಟದ ಫೈಲನ್ನು ಅಳಿಸಬೇಡಿ. ಅದಕ್ಕೆ ಬೇರೆ ಹೆಸರು ಕೊಟ್ಟು ಉಳಿಸಿ. ಇದು ನಿಮ್ಮ ಮೂಲ ಪ್ರತಿ, ಇದನ್ನು ಯಾರಿಗೂ ಕಳಿಸುವುದಿಲ್ಲ. ಇದರಲ್ಲಿ ಪ್ರತಿ ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು, ಕಂಪನಿಯ ಪೂರ್ತಿ ಹೆಸರು ಇರಬೇಕು.

ದಿನಾಂಕ ನೆನಪಿನಿಂದ ಬರೆಯಬೇಡಿ. ರಿಲೀವಿಂಗ್ ಲೆಟರ್, ಅಂದರೆ ಕೆಲಸ ಬಿಟ್ಟಾಗ ಕಂಪನಿ ಕೊಡುವ ಪತ್ರ, ತೆಗೆದು ನೋಡಿ. ಪಿಎಫ್ ಇದ್ದವರು ಇಪಿಎಫ್‌ಒದ ಮೆಂಬರ್ ಪೋರ್ಟಲ್‌ಗೆ ಹೋಗಿ `View` ಮೆನುವಿನಲ್ಲಿ `Service History` ತೆರೆಯಿರಿ. ಯಾವ ಕಂಪನಿಯಲ್ಲಿ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂದು ಅಲ್ಲಿ ಕಾಣುತ್ತದೆ. ಮುಂದೆ ನಿಮ್ಮನ್ನು ತೆಗೆದುಕೊಳ್ಳುವ ಕಂಪನಿಯೂ ಇದನ್ನು ಕೇಳಬಹುದು, ಆದ್ದರಿಂದ ಅದರಲ್ಲಿರುವ ದಿನಾಂಕಕ್ಕೂ ನಿಮ್ಮ ದಿನಾಂಕಕ್ಕೂ ತಾಳೆ ಬರಲೇಬೇಕು.

ಎಲ್ಲ ಕೆಲಸವೂ ಅಲ್ಲಿ ಕಾಣಬೇಕೆಂದಿಲ್ಲ. ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಗೆ ಮಾತ್ರ ಪಿಎಫ್ ಕಡ್ಡಾಯ. ಎಲ್ಲ ಖಾತೆಗಳನ್ನೂ ಒಂದೇ ಕಡೆ ಜೋಡಿಸುವ ಯುಎಎನ್ ನಂಬರ್ ಬಂದದ್ದೇ 2014ರಲ್ಲಿ. ಹಾಗಾಗಿ ನಮ್ಮ ಉದಾಹರಣೆಯವರ ಮೊದಲ ಮೂರು ಕೆಲಸ ಅಲ್ಲಿ ಇಲ್ಲ. ಅದರಿಂದ ತಪ್ಪೇನೂ ಆಗಲಿಲ್ಲ, ಆದರೆ ಇದು ಗೊತ್ತಿರಬೇಕು, ಯಾಕೆಂದರೆ ಕೊನೆಯ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

2. ಜಾಹೀರಾತಿನಿಂದ ಐದಾರು ಮಾತು ಆರಿಸಿ

ಹುದ್ದೆಯ ಜಾಹೀರಾತನ್ನು ನಿಧಾನವಾಗಿ ಓದಿ, ಅವರು ನಿಜವಾಗಿ ಕೇಳುತ್ತಿರುವ ಕೆಲಸಗಳನ್ನು ಒಂದು ಬಣ್ಣದಲ್ಲಿ ಗುರುತಿಸಿ. "ಒಳ್ಳೆಯ ಸಂವಹನ", "ಒತ್ತಡದಲ್ಲಿ ಕೆಲಸ ಮಾಡುವ ಶಕ್ತಿ" ಇಂಥವನ್ನು ಬಿಟ್ಟುಬಿಡಿ, ಎಲ್ಲ ಜಾಹೀರಾತಿನಲ್ಲೂ ಅವು ಇದ್ದೇ ಇರುತ್ತವೆ. ನಮ್ಮ ಉದಾಹರಣೆಯಲ್ಲಿ ಉಳಿದದ್ದು ಐದು: ತಿಂಗಳ ಕೊನೆಯ ಲೆಕ್ಕ ಮುಗಿಸುವುದು, ಜಿಎಸ್‌ಟಿ ಮತ್ತು ಟಿಡಿಎಸ್, ಸರಬರಾಜುದಾರರ ಪಾವತಿ, ವರ್ಷದ ಆಡಿಟ್, ಮತ್ತು ಐದು ಜನರ ತಂಡ ನೋಡಿಕೊಳ್ಳುವುದು.

ಈಗ ಇನ್ನೊಂದು ಬಣ್ಣದ ಪೆನ್ನು ಹಿಡಿದು ನಿಮ್ಮ ರೆಸ್ಯೂಮಿನ ಪ್ರತಿ ಸಾಲಿನ ಪಕ್ಕ ಕೇಳಿಕೊಳ್ಳಿ, ಇದು ಆ ಐದರಲ್ಲಿ ಯಾವುದಕ್ಕೆ ಉತ್ತರ? ಯಾವುದಕ್ಕೂ ಅಲ್ಲದಿದ್ದರೆ ಅಡ್ಡಗೆರೆ. ಈ ಹಂತದಲ್ಲಿ ಏನನ್ನೂ ತಿದ್ದಿ ಬರೆಯಲು ಹೋಗಬೇಡಿ. ತಿದ್ದಲು ಕೂತರೆ ಸಾಲು ಚೆನ್ನಾಗಿ ಆಗುತ್ತದೆಯೇ ಹೊರತು ಹೋಗುವುದಿಲ್ಲ.

3. ಹಳೆಯ ಕೆಲಸಕ್ಕೆ ಗೆರೆ ಎಲ್ಲಿ ಎಳೆಯಬೇಕು

ಕಳೆದ 10 ವರ್ಷದ ಕೆಲಸವನ್ನು ವಿವರವಾಗಿ ಬರೆಯಿರಿ, ಅದಕ್ಕೂ ಹಿಂದಿನದು ಒಂದೊಂದು ಸಾಲು ಸಾಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಳ್ಳೆಯ ಅಂದಾಜು ಅದು. ಆದರೆ ಅಕೌಂಟ್ಸ್‌ನಲ್ಲಿ ಅದಕ್ಕಿಂತ ಸ್ಪಷ್ಟವಾದ ಗೆರೆ ಇದೆ: 2017ರ ಜುಲೈ 1. ಅವತ್ತು ಜಿಎಸ್‌ಟಿ ಬಂತು. ಅಲ್ಲಿಯವರೆಗೆ ನೀವು ಮಾಡುತ್ತಿದ್ದ ವ್ಯಾಟ್ ರಿಟರ್ನ್, ಸರ್ವಿಸ್ ಟ್ಯಾಕ್ಸ್ ರಿಟರ್ನ್, ಎಕ್ಸೈಸ್ ರಿಜಿಸ್ಟರ್, ಸಿ ಫಾರಂ ವಸೂಲಿಗಾಗಿ ಪಾರ್ಟಿಗಳ ಬೆನ್ನು ಹತ್ತುವುದು, ಬಹುಪಾಲು ಎಲ್ಲವೂ ಅವತ್ತಿಗೆ ಹಳೆಯ ಕಾಲದ ಕೆಲಸವಾಯಿತು. ಆ ಸಾಲುಗಳು ನಿಮ್ಮ ರೆಸ್ಯೂಮಿನಲ್ಲಿ ಇನ್ನೂ ಇದ್ದರೆ, ಓದುವವರಿಗೆ ನಿಮ್ಮ ಅನುಭವ ಕಾಣುವುದಿಲ್ಲ, ಈ ಫೈಲನ್ನು ವರ್ಷಗಟ್ಟಲೆ ತಿದ್ದಿಲ್ಲ ಅನ್ನುವುದು ಕಾಣುತ್ತದೆ. ನೀವು ಬೇರೆ ವೃತ್ತಿಯವರಾದರೂ ಹೀಗೇ ಹುಡುಕಿ: ನಿಮ್ಮ ಕೆಲಸದ ರೀತಿಯೇ ಬದಲಾದದ್ದು ಯಾವಾಗ?

ಇದಕ್ಕೆ ಎರಡು ಅಪವಾದ ಇವೆ, ಮರೆಯಬೇಡಿ. ಪೆಟ್ರೋಲ್, ಡೀಸೆಲ್ ಮತ್ತು ಕುಡಿಯುವ ಮದ್ಯ ಇನ್ನೂ ಜಿಎಸ್‌ಟಿಯ ಹೊರಗಿವೆ. ಆ ವ್ಯಾಪಾರದ ಕಂಪನಿಗೆ ಅರ್ಜಿ ಹಾಕುವುದಾದರೆ ವ್ಯಾಟ್ ಅನುಭವ ಇರಲಿ. ಹಾಗೆಯೇ ಹಳೆಯ ಕಂಪನಿಗಳಲ್ಲಿ ವ್ಯಾಟ್, ಎಕ್ಸೈಸ್ ಕಾಲದ ತಗಾದೆಗಳು ಅಪೀಲಿನಲ್ಲಿ ಇನ್ನೂ ನಡೆಯುತ್ತಿರಬಹುದು. ಜಾಹೀರಾತಿನಲ್ಲಿ ಹಳೆಯ ತೆರಿಗೆ ಕೇಸುಗಳ ಮಾತು ಇದ್ದರೆ, "ವ್ಯಾಟ್ ಅಸೆಸ್‌ಮೆಂಟ್‌ಗೆ ದಾಖಲೆ ಸಿದ್ಧಪಡಿಸಿದ ಅನುಭವ" ಎಂಬ ಒಂದು ಸಾಲು ನಿಮಗೆ ಲಾಭವೇ.

ನಮ್ಮ ಉದಾಹರಣೆಯಲ್ಲಿ ಆಡಿಟರ್ ಆಫೀಸಿನ ಕೆಲಸಕ್ಕೆ 14 ಸಾಲು ಇತ್ತು. ಈಗ ಹೀಗೆ ಉಳಿಯಿತು: "ಆಡಿಟ್ ಅಸಿಸ್ಟೆಂಟ್, ಸಂಸ್ಥೆಯ ಹೆಸರು, ದಾವಣಗೆರೆ, 2008–2010." ಕೆಳಗೆ ಒಂದೂ ವಿವರ ಇಲ್ಲ. ಅವರಿಗೆ ಬೇಸರವಾಯಿತು, "ನಾನು ಕೆಲಸ ಕಲಿತದ್ದೇ ಅಲ್ಲಿ" ಅಂದರು. ನಿಜ, ಕಲಿತದ್ದು ಅಲ್ಲೇ. ಆದರೆ ಅಲ್ಲಿ ಕಲಿತದ್ದೆಲ್ಲ ಈಗಿನ ಕೆಲಸದ ಸಾಲುಗಳಲ್ಲೇ ಕಾಣುತ್ತಿದೆ ಅಲ್ವಾ?

ಪೀಣ್ಯದ ಕೆಲಸ ಗೆರೆಯ ಎರಡೂ ಕಡೆ ಬರುತ್ತದೆ, ಆದ್ದರಿಂದ ಅದನ್ನು ಒಳಗೇ ಕತ್ತರಿಸಿದೆವು. ಎಕ್ಸೈಸ್ ಸಾಲುಗಳು ಹೋದವು. ಕಂಪನಿಯನ್ನು ಜಿಎಸ್‌ಟಿಗೆ ಬದಲಾಯಿಸುವಾಗ ಇವರೇ ಟ್ಯಾಲಿಯಲ್ಲಿ ಐಟಂಗಳಿಗೆ ಎಚ್‌ಎಸ್‌ಎನ್ ಕೋಡ್, ಅಂದರೆ ಸರಕನ್ನು ಗುರುತಿಸುವ ಅಂಕಿ, ಹಾಕಿದ್ದರು. ಆ ಸಾಲು ಮೂರನೆಯ ಪುಟದ ಕೊನೆಯಲ್ಲಿ ಮುಚ್ಚಿಹೋಗಿತ್ತು. ಅದನ್ನು ಮೊದಲ ಸಾಲಿಗೆ ತಂದೆವು. ಒಂದು ಪುಟದಷ್ಟಿದ್ದ ಈ ಭಾಗ ಕೊನೆಗೆ ಆರು ಸಾಲಾಯಿತು.

4. ಒಂದೇ ತರಹದ ಕೆಲಸಗಳನ್ನು ಸೇರಿಸಿ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯಾವ ಕೆಲಸಗಳನ್ನು ಸೇರಿಸಬಹುದು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕಂಪನಿಗಳ ಹೆಸರಿನ ಮೇಲೆ ಕೈ ಇಟ್ಟು ಮುಚ್ಚಿ, ಕೆಳಗಿನ ಸಾಲುಗಳನ್ನು ಮಾತ್ರ ಓದಿ. ಯಾವುದು ಯಾವ ಕಂಪನಿಯ ಕೆಲಸ ಎಂದು ನಿಮಗೇ ಹೇಳಲಾಗದಿದ್ದರೆ ಅವು ಸೇರುವ ಕೆಲಸಗಳು. ಹುಬ್ಬಳ್ಳಿ ಮತ್ತು ಬೆಂಗಳೂರಿನ ವ್ಯಾಪಾರಿಗಳ ಹತ್ತಿರ ಮಾಡಿದ ಕೆಲಸ ಹಾಗೇ ಇತ್ತು. ಮಾರಾಟದ ಎಂಟ್ರಿ, ಖರೀದಿಯ ಎಂಟ್ರಿ, ಬ್ಯಾಂಕ್ ರಿಕನ್ಸಿಲಿಯೇಷನ್ ಅಂದರೆ ನಮ್ಮ ಪುಸ್ತಕಕ್ಕೂ ಬ್ಯಾಂಕಿನ ಸ್ಟೇಟ್‌ಮೆಂಟಿಗೂ ತಾಳೆ ನೋಡುವುದು, ಬಾಕಿ ವಸೂಲಿ, ಸ್ಟಾಕ್ ಲೆಕ್ಕ. ಎರಡೂ ಕಡೆ ಇದೇ ಏಳು ಸಾಲು, ಪದ ಕೂಡ ಬದಲಾಗಿರಲಿಲ್ಲ. ಆಡಿಟರ್ ಆಫೀಸಿನ ಕೆಲಸ ಬೇರೆ, ಅಲ್ಲಿ ಬೇರೆಯವರ ಪುಸ್ತಕ ಪರಿಶೀಲಿಸುತ್ತಿದ್ದರು, ಆದ್ದರಿಂದ ಅದನ್ನು ಇದರ ಜೊತೆ ಸೇರಿಸಲಿಲ್ಲ.

ಅವರು ತಾವೇ ಸೇರಿಸಿ ಬರೆದುಕೊಂಡು ಬಂದದ್ದು ಹೀಗಿತ್ತು: "ಅಕೌಂಟೆಂಟ್, ವಿವಿಧ ಸಂಸ್ಥೆಗಳು, 2008–2014." ದಯವಿಟ್ಟು ಹೀಗೆ ಮಾಡಬೇಡಿ. ಇದರಲ್ಲಿ ಮೂರು ತಪ್ಪಿದೆ. ಕಂಪನಿಯ ಹೆಸರು ಮಾಯವಾಯಿತು. ಅಸಿಸ್ಟೆಂಟ್ ಆಗಿದ್ದ ಎರಡು ವರ್ಷವೂ ಅಕೌಂಟೆಂಟ್ ಆಗಿಬಿಟ್ಟಿತು. ಎಲ್ಲಿ ಬಿಟ್ಟು ಎಲ್ಲಿ ಸೇರಿದರು ಎಂಬುದು ಗೊತ್ತಾಗುವುದಿಲ್ಲ. ಮನಸ್ಸಿನಲ್ಲಿ ಮೋಸ ಇಲ್ಲದಿದ್ದರೂ ಓದುವವರಿಗೆ ಏನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ.

ಸೇರಿಸುವುದೆಂದರೆ ಕೆಲಸದ ವಿವರವನ್ನು ಮಾತ್ರ ಸೇರಿಸುವುದು. ಹೆಸರು, ಹುದ್ದೆ, ವರ್ಷ ಬೇರೆ ಬೇರೆಯಾಗಿಯೇ ಇರಬೇಕು. ಸರಿಯಾದ ರೂಪ ಹೀಗಾಯಿತು:

ಅಕೌಂಟೆಂಟ್, ಎರಡು ವ್ಯಾಪಾರಿ ಸಂಸ್ಥೆಗಳಲ್ಲಿ
ಸಂಸ್ಥೆಯ ಹೆಸರು, ಬೆಂಗಳೂರು, 2012–2014
ಸಂಸ್ಥೆಯ ಹೆಸರು, ಹುಬ್ಬಳ್ಳಿ, 2010–2012
ಎರಡೂ ಕಡೆ ಟ್ಯಾಲಿಯಲ್ಲಿ ದಿನದ ಲೆಕ್ಕದಿಂದ ಆಡಿಟ್‌ಗೆ ಪುಸ್ತಕ ಕೊಡುವವರೆಗೆ ಪೂರ್ತಿ ಜವಾಬ್ದಾರಿ. ಅಂಗಡಿಯಲ್ಲಿ ಒಬ್ಬರೇ ಅಕೌಂಟೆಂಟ್.

ಕೊನೆಯ ತುಂಡನ್ನು ಗಮನಿಸಿ. ಎರಡೂ ಅಂಗಡಿಯದು ಸೇರಿ ಇದ್ದ ಹದಿನಾಲ್ಕು ಸಾಲಿನಲ್ಲಿ ಎಲ್ಲೂ ಇರದ ಮಾತು ಅದು. ಮಾತಾಡುತ್ತಾ ಕೇಳಿದಾಗ ಹೊರಗೆ ಬಂತು. ಸೇರಿಸಿ ಬರೆಯುವಾಗ ಎರಡೂ ಕಡೆ ಸಾಮಾನ್ಯವಾಗಿದ್ದ ದೊಡ್ಡ ವಿಷಯ ಯಾವುದು ಎಂದು ಕೇಳಿಕೊಂಡರೆ ಇಂಥದ್ದು ಸಿಗುತ್ತದೆ.

ಒಂದೇ ಕಂಪನಿಯಲ್ಲಿ ಬಡ್ತಿ ಸಿಕ್ಕಿದ್ದರೆ ಲೆಕ್ಕ ಬೇರೆ. ಅಲ್ಲಿ ಕಂಪನಿಯ ಹೆಸರನ್ನು ಒಂದೇ ಸಲ ಬರೆದು, ಅದರ ಕೆಳಗೆ ಎರಡು ಹುದ್ದೆ, ಹೊಸದು ಮೇಲೆ, ಹಳೆಯದು ಕೆಳಗೆ. ಎರಡೂ ಹುದ್ದೆಗೆ ಒಂದೇ ವಿವರ ಬರೆದರೆ ಬಡ್ತಿ ಸಿಕ್ಕರೂ ಕೆಲಸ ಬದಲಾಗಲಿಲ್ಲವೇನೋ ಅನಿಸುತ್ತದೆ. ಅಸಿಸ್ಟೆಂಟ್ ಮ್ಯಾನೇಜರ್ ಆದಮೇಲೆ ಹೊಸದಾಗಿ ಬಂದ ಕೆಲಸವನ್ನು ಮೇಲೆ ಬರೆಯಿರಿ, ಹಳೆಯ ಹುದ್ದೆಗೆ ಎರಡು ಸಾಲು ಸಾಕು.

5. ಯಾರಿಗೂ ಬೇಡದ ವಿವರ ತೆಗೆಯಿರಿ

ಇದು ಬೇಗ ಮುಗಿಯುವ ಕೆಲಸ. ತಂದೆಯ ಹೆಸರು, ಹುಟ್ಟಿದ ದಿನ, ಮದುವೆ ಆಗಿದೆಯೇ, ಧರ್ಮ, ಹವ್ಯಾಸ, ಪೂರ್ತಿ ಮನೆ ವಿಳಾಸ ಇವೆಲ್ಲ ಹೋಗಲಿ. ಊರಿನ ಹೆಸರು, ಫೋನ್, ಇಮೇಲ್ ಸಾಕು. ಪ್ಯಾನ್, ಆಧಾರ್, ಪಾಸ್‌ಪೋರ್ಟ್ ನಂಬರ್ ಹಾಕಿದ್ದರೆ ಇವತ್ತೇ ತೆಗೆಯಿರಿ, ರೆಸ್ಯೂಮ್ ಎಷ್ಟು ಕೈ ದಾಟುತ್ತದೆ ಅನ್ನುವುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. "ಮೇಲಿನ ಎಲ್ಲವೂ ಸತ್ಯ ಎಂದು ಘೋಷಿಸುತ್ತೇನೆ" ಎಂಬ ಪ್ಯಾರಾ, ಸ್ಥಳ, ದಿನಾಂಕ, ಸಹಿ ಎಲ್ಲ ಸೇರಿ ಆರೇಳು ಸಾಲು ತಿನ್ನುತ್ತವೆ. ಖಾಸಗಿ ಕಂಪನಿಗೆ ಅವು ಬೇಡ.

ಸಾಫ್ಟ್‌ವೇರ್ ಪಟ್ಟಿಯಲ್ಲಿ ಎಂಎಸ್ ವರ್ಡ್, ಇಂಟರ್‌ನೆಟ್, ವಿಂಡೋಸ್ ಎಕ್ಸ್‌ಪಿ ಬೇಡ. ಟ್ಯಾಲಿ ಇರಲಿ, ಆದರೆ ಈಗ ಬಳಸುವುದು ಟ್ಯಾಲಿಪ್ರೈಮ್ ಆಗಿದ್ದರೆ ಅದನ್ನೇ ಬರೆಯಿರಿ. ಎಕ್ಸೆಲ್ ಅಂತ ಬರೆದರೆ ಅದರಲ್ಲಿ ಏನು ಬರುತ್ತದೆ ಎಂದೂ ಎರಡು ಮಾತಿನಲ್ಲಿ ಹೇಳಿ, ಉದಾಹರಣೆಗೆ ಪಿವೋಟ್ ಟೇಬಲ್. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳ ಟೇಬಲ್ 15 ವರ್ಷ ಅನುಭವ ಇದ್ದವರಿಗೆ ಬೇಡ. ಡಿಗ್ರಿ, ವಿಶ್ವವಿದ್ಯಾಲಯ, ವರ್ಷ ಒಂದೇ ಸಾಲಿನಲ್ಲಿ ಮುಗಿಯಲಿ.

ಒಂದು ಎಚ್ಚರಿಕೆ. ಸರ್ಕಾರಿ ಹುದ್ದೆ, ಸಾರ್ವಜನಿಕ ಬ್ಯಾಂಕು, ವಿಶ್ವವಿದ್ಯಾಲಯಗಳು ಅವರದೇ ಅರ್ಜಿ ನಮೂನೆ ಕೊಡುತ್ತವೆ. ಅಲ್ಲಿ ಕೇಳಿದ್ದನ್ನೆಲ್ಲ ತುಂಬಲೇಬೇಕು, ಈ ಲೇಖನದ ಮಾತು ಅಲ್ಲಿಗೆ ಹೊಂದುವುದಿಲ್ಲ.

6. ಉಳಿದ ಸಾಲುಗಳನ್ನು ಗಟ್ಟಿ ಮಾಡಿ

ಜಾಗ ಖಾಲಿಯಾಯಿತು. ಅದರಲ್ಲಿ ಸ್ವಲ್ಪವನ್ನು ಈಗಿನ ಕೆಲಸಕ್ಕೆ ಕೊಡಿ. "ಜಿಎಸ್‌ಟಿ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದೇನೆ" ಎಂಬ ಸಾಲು ನಮ್ಮ ಉದಾಹರಣೆಯವರ ರೆಸ್ಯೂಮಿನಲ್ಲಿ ಮೂರು ಕಡೆ ಇತ್ತು. ಅದು ಯಾರ ರೆಸ್ಯೂಮಿನಲ್ಲಾದರೂ ಇರುವ ಮಾತು. ಏನು ಮಾಡುತ್ತೀರಿ, ಎಷ್ಟು ಮಾಡುತ್ತೀರಿ ಎಂದು ಕೇಳಿದೆ. ತಿಂಗಳಿಗೆ ಸುಮಾರು 400 ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುತ್ತಾರೆ. 2ಬಿ ಎಂದರೆ ಮಾರಿದವರು ತಮ್ಮ ರಿಟರ್ನ್ ಹಾಕಿದ ಮೇಲೆ ನಮಗೆ ಎಷ್ಟು ತೆರಿಗೆ ಕ್ರೆಡಿಟ್ ಸಿಗುತ್ತದೆ ಎಂದು ತೋರಿಸುವ ಪಟ್ಟಿ. ಬಿಲ್ಲು ಕಾಣದಿದ್ದರೆ ಆ ಪಾರ್ಟಿಯ ಪಾವತಿ ತಡೆಹಿಡಿಯುವ ಪದ್ಧತಿಯನ್ನೂ ಇವರೇ ತಂದರು. ಸಾಲು ಹೀಗಾಯಿತು: "ತಿಂಗಳಿಗೆ ಸುಮಾರು 400 ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡುವುದು, ತಾಳೆಯಾಗದ ಬಿಲ್ಲಿನ ಪಾವತಿ ತಡೆಯುವ ಪದ್ಧತಿ ಆರಂಭಿಸಿದ್ದು." ಒಂದೇ ಸಾಲಿನಲ್ಲಿ ಜಾಹೀರಾತಿನ ಎರಡು ಮಾತಿಗೆ ಉತ್ತರ ಸಿಕ್ಕಿತು, ಜಿಎಸ್‌ಟಿಗೂ, ಪಾವತಿಗೂ.

ಅಂಕಿ ಹಾಕುವಾಗ ನಿಮ್ಮಿಂದ ವಿವರಿಸಲು ಆಗುವಂಥದ್ದನ್ನೇ ಹಾಕಿ. ಇಂಟರ್‌ವ್ಯೂನಲ್ಲಿ "400 ಹೇಗೆ ಎಣಿಸಿದಿರಿ?" ಅಂದರೆ ಉತ್ತರ ಬರಬೇಕು. ಕಂಪನಿಯ ವಹಿವಾಟಿನ ಮೊತ್ತ, ಪಾರ್ಟಿಗಳ ಹೆಸರು ಗುಟ್ಟಿನ ವಿಷಯ, ಅವನ್ನು ಬರೆಯಬೇಡಿ. ಬೇರೆಯವರ ಗುಟ್ಟು ಬಯಲು ಮಾಡುವ ಅಕೌಂಟೆಂಟನ್ನು ಯಾರೂ ಇಷ್ಟಪಡುವುದಿಲ್ಲ.

7. ಅಳೆದು ನೋಡಿ

ಅಕ್ಷರದ ಅಳತೆ 10.5 ಅಥವಾ 11 ಇರಲಿ. ಎರಡು ಪುಟಕ್ಕೆ ಹಿಡಿಸಲು ಅಕ್ಷರವನ್ನು 8ಕ್ಕೆ ಇಳಿಸಿ, ಅಂಚನ್ನು ಕಿತ್ತುಹಾಕಿದ ರೆಸ್ಯೂಮ್‌ಗಳು ಬರುತ್ತಲೇ ಇರುತ್ತವೆ. ಅದು ಚಿಕ್ಕದಾದ ರೆಸ್ಯೂಮ್ ಅಲ್ಲ, ಓದಲಾಗದ ಐದು ಪುಟ. ಇನ್ನೂ ಎರಡೂವರೆ ಪುಟ ಇದೆ ಅಂದರೆ ಮೂರನೆಯ ಹಂತಕ್ಕೆ ವಾಪಸ್ ಹೋಗಿ.

ಪಿಡಿಎಫ್ ಮಾಡಿದ ಮೇಲೆ ಅದರ ಎಲ್ಲ ಬರಹವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕೆಲಸದ ಸೈಟುಗಳ ತಂತ್ರಾಂಶ ಹೆಚ್ಚುಕಡಿಮೆ ಹೀಗೇ ಓದುತ್ತದೆ. ಎರಡು ಕಾಲಂ, ಟೇಬಲ್, ಬಾಕ್ಸ್ ಬಳಸಿದ್ದರೆ ಒಂದು ಕಂಪನಿಯ ಹೆಸರಿನ ಕೆಳಗೆ ಇನ್ನೊಂದರ ವರ್ಷ ಬಂದು ಕೂತಿರುತ್ತದೆ. ಹಾಗೆ ಆಗಿದ್ದರೆ ಟೇಬಲ್ ತೆಗೆದು ಸಾದಾ ಸಾಲುಗಳಲ್ಲಿ ಬರೆಯಿರಿ.

ನಮ್ಮ ಉದಾಹರಣೆ ಕೊನೆಗೆ ಒಂದು ಮುಕ್ಕಾಲು ಪುಟಕ್ಕೆ ಬಂತು. ಮೊದಲ ಪುಟದಲ್ಲಿ ನಾಲ್ಕು ಸಾಲಿನ ಪರಿಚಯ, ಆಮೇಲೆ ಪೂರ್ತಿ ಈಗಿನ ಕೆಲಸ. ಎರಡನೆಯ ಪುಟದಲ್ಲಿ ಪೀಣ್ಯ, ಹಳೆಯ ಮೂರು ಕೆಲಸ, ಸಾಫ್ಟ್‌ವೇರ್, ಓದು.

8. ಫಾರಂ ತುಂಬುವಾಗ ಮೂಲ ಪ್ರತಿ ತೆಗೆಯಿರಿ

ಈಗ ಶುರುವಿನಲ್ಲಿ ಹೇಳಿದ ಎರಡನೆಯ ಪ್ರಶ್ನೆಗೆ ಬರೋಣ, ಹಳೆಯದನ್ನು ತೆಗೆದರೆ ವೆರಿಫಿಕೇಷನ್‌ನಲ್ಲಿ ತೊಂದರೆ ಆಗುತ್ತದೆಯೇ? ರೆಸ್ಯೂಮಿನಲ್ಲಿ ಎಲ್ಲವೂ ಇರಬೇಕೆಂಬ ನಿಯಮ ಇಲ್ಲ. ಆದರೆ ಆಫರ್ ಹೊತ್ತಿಗೆ ಕಂಪನಿ ಕೊಡುವ ವೆರಿಫಿಕೇಷನ್ ಫಾರಂ ಬೇರೆ. ಅದರಲ್ಲಿ "ಎಲ್ಲ ಹಿಂದಿನ ಕೆಲಸಗಳು" ಎಂದು ಕೇಳಿದರೆ ಎಲ್ಲವನ್ನೂ ಬರೆಯಿರಿ. ಎರಡು ತಿಂಗಳು ಮಾತ್ರ ಮಾಡಿ ಬಿಟ್ಟದ್ದನ್ನೂ ಬರೆಯಿರಿ, ಅದಕ್ಕೆ ಪಿಎಫ್ ಕಟ್ಟಿದ್ದರೆ `Service History` ಪುಟದಲ್ಲಿ ಹೇಗಿದ್ದರೂ ಕಾಣುತ್ತದೆ.

ಕೊನೆಯ ಎರಡು ಕೆಲಸಗಳಿಗೆ ರೆಸ್ಯೂಮಿನಲ್ಲೂ ತಿಂಗಳು, ವರ್ಷ ಎರಡೂ ಇರಲಿ. ಹಳೆಯವಕ್ಕೆ ವರ್ಷ ಸಾಕು. ಎಲ್ಲದಕ್ಕೂ ಬರೀ ವರ್ಷ ಹಾಕಿದರೆ ಎಂಟು ತಿಂಗಳು ಮನೆಯಲ್ಲಿದ್ದದ್ದನ್ನು ಮುಚ್ಚಲು ಮಾಡಿದ್ದಾರೆ ಎಂಬ ಅನುಮಾನ ಬರುತ್ತದೆ, ಅಂಥ ಖಾಲಿ ಸಮಯ ನಿಮಗೆ ಇಲ್ಲದಿದ್ದರೂ ಸಹ.

ಹಳೆಯ ಅಂಗಡಿ ಮುಚ್ಚಿಹೋಗಿದೆ, ರಿಲೀವಿಂಗ್ ಲೆಟರ್ ಕೊಟ್ಟಿರಲಿಲ್ಲ, ಪಿಎಫ್ ಇರಲಿಲ್ಲ ಅನ್ನುವವರು ಫಾರಂ ತುಂಬುವ ದಿನವೇ ಎಚ್‌ಆರ್‌ಗೆ ಅದನ್ನು ಇಮೇಲ್‌ನಲ್ಲಿ ತಿಳಿಸಿ. ಆ ಕಾಲದ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರಂ 16, ನೇಮಕಾತಿ ಪತ್ರ ಯಾವುದಿದ್ದರೂ ಜೊತೆಗೆ ಕಳಿಸಿ. ನಮ್ಮ ಉದಾಹರಣೆಯವರ ಹತ್ತಿರ ಹುಬ್ಬಳ್ಳಿ ಕೆಲಸಕ್ಕೆ ಇದ್ದದ್ದು ಹಳೆಯ ಪಾಸ್‌ಬುಕ್ ಒಂದೇ. ಅದರ ಆ ಎರಡು ವರ್ಷದ ಪುಟಗಳನ್ನು ಸ್ಕ್ಯಾನ್ ಮಾಡಿ ಮೂಲ ಪ್ರತಿಯ ಜೊತೆಗೇ ಒಂದು ಫೋಲ್ಡರಿನಲ್ಲಿ ಇಟ್ಟೆವು.